ನಾವು ಅಂದರೆ ಎಷ್ಟು ಜನ?

ಬೆಂಗಳೂರಿನಲ್ಲಿ ಒಂದು ಸಂಸಾರ. ಗಂಡ ಪುತ್ತೂರು ಕಡೆಯ ಹವ್ಯಕರ ಹುಡುಗ, ಹೆಂಡತಿ ಪಟ್ನಾದವಳು. ಊಹಿಸಿಕೊಂಡ ಸಂಸಾರವೇ ಅನ್ನಿ. ಆದರೆ ಈಗಿನ ಬೆಂಗಳೂರಿನಲ್ಲಿ ಇಂಥ ಮನೆ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಶನಿವಾರ ಬೆಳಗ್ಗೆ ಹೆಂಡತಿಯ ಅಣ್ಣನ ಫೋನು ಬರುತ್ತದೆ: ‘ಹಮ್ ಆ ರಹೇ ಹೈಂ.’ ಸ್ಪೀಕರಿನಲ್ಲಿ ಕೇಳಿಸಿಕೊಂಡ ಗಂಡ ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು ಎಂದು ಬೆರಳು ಮಡಿಚಿ, ದಿನಕ್ಕಿಂತ ಎರಡು ಲೋಟ ಅಕ್ಕಿ ಹೆಚ್ಚಿಗೆ ತೊಳೆದಿಡುತ್ತಾನೆ. ಮಧ್ಯಾಹ್ನ ಬಾಗಿಲು ತೆರೆದರೆ ಅಣ್ಣ ಒಬ್ಬನೇ ನಿಂತಿದ್ದಾನೆ. ಅವನೇನೂ ಸುಳ್ಳು ಹೇಳಿರಲಿಲ್ಲ. ಪಟ್ನಾ, ಬನಾರಸದ ಕಡೆಯ ಮಾತಿನಲ್ಲಿ ‘ಹಮ್’ ಅಂದರೆ ‘ನಾನು’. ಒಬ್ಬನೇ ಹೊರಟರೂ ಅವರು ‘ಹಮ್ ಜಾ ರಹೇ ಹೈಂ’ ಅನ್ನುತ್ತಾರೆ. ನಾಲ್ಕು ಜನ ಹೊರಟರೆ ‘ಹಮ್ ಲೋಗ್’.

ಅದೇ ಸಂಜೆ ಪುತ್ತೂರಿನಿಂದ ಅಮ್ಮನ ಫೋನು. ನಾಡಿದ್ದು ಕಾಸರಗೋಡಿನ ಸೋದರಮಾವನ ಮನೆಗೆ ಹೋಗುವ ಸುದ್ದಿ. ಅಮ್ಮ ಮಾತು ಶುರು ಮಾಡಿದ್ದು ‘ಎಂಗೊ’ ಎಂಬ ಪದದಿಂದ. ಅಷ್ಟು ಕೇಳಿದ ತಕ್ಷಣ ಮಗನಿಗೆ ಗೊತ್ತಾಯಿತು: ಹೋಗುವವರು ಅಪ್ಪ, ಅಮ್ಮ, ಹೆಚ್ಚೆಂದರೆ ತಮ್ಮ. ತಾನು ಲೆಕ್ಕದಲ್ಲಿಲ್ಲ, ರಜೆ ಹಾಕಬೇಕಾಗಿಲ್ಲ. ಫೋನಿಟ್ಟು ಹೆಂಡತಿಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ: ‘ಅಮ್ಮ ಹೇಳಿದ್ಲು, ನಾಡಿದ್ದು ಹಮ್ ಕಾಸರಗೋಡು ಜಾಯೇಂಗೇ.’ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಟಿಕೆಟ್ ಬುಕ್ ಮಾಡಿದ್ರಾ?’

ಅಮ್ಮನ ಬಾಯಲ್ಲಿ ಸ್ಪಷ್ಟವಾಗಿದ್ದ ಲೆಕ್ಕ ಮಗನ ಬಾಯಿಗೆ ಬರುವಷ್ಟರಲ್ಲಿ ಕಳೆದುಹೋಗಿತ್ತು.

ಕೇಳುವವರನ್ನು ಸೇರಿಸಿಕೊಂಡ ‘ನಾವು’ ಬೇರೆ, ಕೇಳುವವರನ್ನು ಬಿಟ್ಟ ‘ನಾವು’ ಬೇರೆ. ಮೊದಲನೆಯದನ್ನು ಕೂಡಿಸುವ ನಾವು ಅನ್ನೋಣ, ಎರಡನೆಯದನ್ನು ಬಿಡುವ ನಾವು ಅನ್ನೋಣ. ದಕ್ಷಿಣ ಕನ್ನಡದ ಹವ್ಯಕ ಕನ್ನಡದಲ್ಲಿ ಇವೆರಡಕ್ಕೂ ಬೇರೆಬೇರೆ ಪದಗಳೇ ಇವೆ. ‘ನಾವು’ ಅಂದರೆ ನೀನೂ ಸೇರಿದ ನಾವು, ‘ಎಂಗೊ’ ಅಂದರೆ ನಿನ್ನನ್ನು ಬಿಟ್ಟ ನಾವು. ‘ನವಗೆ ಬೇಡ’ ಅಂದರೆ ನಿನಗೂ ಬೇಡ, ನನಗೂ ಬೇಡ. ‘ಎಂಗೊಗೆ ಬೇಡ’ ಅಂದರೆ ಬೇಡ ಅಂದವರು ನಾವಷ್ಟೇ, ನಿನಗೆ ಬೇಕಿದ್ದರೆ ತೆಗೆದುಕೋ. ಪಕ್ಕದ ತುಳುವಿನಲ್ಲೂ ಹೀಗೆಯೇ, ‘ನಮ’ ಕೂಡಿಸುತ್ತದೆ, ‘ಎಂಕುಲು’ ಬಿಡುತ್ತದೆ. ‘ನಮ್ಮ ಇಲ್ಲ್’ ಎಂದು ಅಣ್ಣ ತಮ್ಮನಿಗೆ ಹೇಳಬಹುದು. ಮನೆ ನೋಡಲು ಬಂದ ನೆಂಟನಿಗೆ ಹೇಳುವಾಗ ‘ಎಂಕ್ಲೆನ ಇಲ್ಲ್’. ತಮಿಳಿನ ‘ನಾಮ್’ ಮತ್ತು ‘ನಾಂಗಳ್’, ತೆಲುಗಿನ ‘ಮನಂ’ ಮತ್ತು ‘ಮೇಮು’, ಮಲಯಾಳದ ‘ನಮ್ಮಳ್’ ಮತ್ತು ‘ಞಂಙಳ್’ ಎಲ್ಲವೂ ಇದೇ ಜೋಡಿ. ಕೋಲಾರದಲ್ಲೋ ಬಳ್ಳಾರಿಯಲ್ಲೋ ಮನೆಯೊಳಗೆ ತೆಲುಗು ಮಾತಾಡಿ ಬೀದಿಯಲ್ಲಿ ಕನ್ನಡ ಮಾತಾಡುವವರು ದಿನಕ್ಕೆ ಹತ್ತು ಸಲ ಎರಡು ಪದಗಳನ್ನು ಒಂದಕ್ಕೆ ಇಳಿಸುತ್ತಿರುತ್ತಾರೆ.

ಹಾಗಾದರೆ ಉಳಿದ ಕನ್ನಡಕ್ಕೆ ಏನಾಯಿತು? ದ್ರಾವಿಡ ಭಾಷೆಗಳ ಮೂಲರೂಪವನ್ನು ಕಟ್ಟಿಕೊಟ್ಟ ಭದ್ರಿರಾಜು ಕೃಷ್ಣಮೂರ್ತಿಯವರಂಥ ವಿದ್ವಾಂಸರು ಮೂಲದಲ್ಲಿ ಎರಡು ಪದಗಳಿದ್ದವು ಎನ್ನುತ್ತಾರೆ. ಯಕಾರದಿಂದ ಶುರುವಾಗುವ ‘ಯಾಮ್’ ಎಂಬಂಥ ಪದ ಕೇಳುವವರನ್ನು ಬಿಡುತ್ತಿತ್ತು, ಞಕಾರದಿಂದ ಶುರುವಾಗುವ ‘ಞಾಮ್’ ಎಂಬಂಥ ಪದ ಕೂಡಿಸಿಕೊಳ್ಳುತ್ತಿತ್ತು. ಹಳಗನ್ನಡದ ‘ಎಮ್ಮ’ ಮೊದಲನೆಯದರ ಮನೆತನದ್ದು, ‘ನಮ್ಮ’ ಎರಡನೆಯದರದು. ಹೊಸಗನ್ನಡಕ್ಕೆ ಬರುವಷ್ಟರಲ್ಲಿ ನಕಾರದ ಕಡೆಯವರು ಇಡೀ ಆಸ್ತಿಯನ್ನು ನುಂಗಿಕೊಂಡರು. ‘ಎಮ್ಮ’ ಕಾವ್ಯದಲ್ಲಿ ಅಲ್ಲಲ್ಲಿ ಉಳಿಯಿತು. ಹವ್ಯಕರ ‘ಎಂಗೊ’, ‘ಎಂಗಳ’ ಆ ಹಳೆಯ ಬಿಡುವ ಪದದ ಬೇರಿನಿಂದಲೇ ಬಂದವು. ಮೈಸೂರಿನವರಿಗೂ ಧಾರವಾಡದವರಿಗೂ ಇವತ್ತು ಇರುವುದು ಒಂದೇ ‘ನಾವು’.

ಒಂದೇ ‘ನಾವು’ ಇದ್ದಮಾತ್ರಕ್ಕೆ ಕನ್ನಡಿಗರು ಲೆಕ್ಕ ತಪ್ಪುತ್ತಾರೆ ಎಂದುಕೊಳ್ಳಬಾರದು. ಸರ್ವನಾಮದಲ್ಲಿ ಹೋದ ಲೆಕ್ಕ ಬೇರೆ ಕಡೆ ಬಂದು ಕೂತಿದೆ. ಎಲ್ಲಿ ಕೂತಿದೆ ಎಂದು ಗೊತ್ತಿಲ್ಲದವರೇ ಇಂಗ್ಲಿಷಿಗೋ ಹಿಂದಿಗೋ ಹೋಗುವಾಗ ಅದನ್ನು ಬಿಟ್ಟುಹೋಗುತ್ತಾರೆ. ‘ನಾವು’ ಎಂಬುದಕ್ಕೆ ‘ವಿ’, ‘ಹಮ್’ ಎಂದು ಪದಕ್ಕೆ ಪದ ಇಟ್ಟರೆ ಸರ್ವನಾಮ ದಾಟುತ್ತದೆ, ಲೆಕ್ಕ ಈಚೆ ದಡದಲ್ಲೇ ಉಳಿಯುತ್ತದೆ.

ಮೊದಲ ಜಾಗ ಕ್ರಿಯಾಪದದ ಬಾಲ. ‘ಹೋಗ್ತೀವಿ’ ಮತ್ತು ‘ಹೋಗೋಣ’. ಪರೀಕ್ಷೆ ಸುಲಭ. ‘ನಾವು ಹೋಗ್ತೀವಿ, ನೀವು ಬರಬೇಡಿ’ ಎಂದರೆ ಒರಟಾಗಿರಬಹುದು, ಮಾತು ಸರಿಯಾಗಿಯೇ ಇದೆ. ‘ಹೋಗೋಣ, ನೀವು ಬರಬೇಡಿ’ ಎಂದು ನೋಡಿ, ಮಾತೇ ಮುರಿದು ಬೀಳುತ್ತದೆ. ‘ಓಣ’ ಕೇಳುವವರನ್ನು ಒಳಗೆ ಕೂರಿಸಿಕೊಂಡೇ ಹುಟ್ಟಿದ ಪ್ರತ್ಯಯ. ಧಾರವಾಡದ ಕಡೆ ಇದು ‘ಹೋಗೂಣು’, ಮಂಗಳೂರಿನ ಕಡೆ ‘ಹೋಗುವ’, ಕುಂದಾಪುರದಲ್ಲಿ ‘ಹ್ವಾಪ’. ರೂಪ ಬದಲಾದರೂ ಕೆಲಸ ಅದೇ. (ಪೌರಾಣಿಕ ನಾಟಕಗಳ ‘ಬರೋಣವಾಗಲಿ’ ಮಾತ್ರ ಬೇರೆ ದಾರಿ ಹಿಡಿದದ್ದು. ಅಲ್ಲಿ ಬರುವವರು ಎದುರಿಗಿರುವ ದೊಡ್ಡವರೊಬ್ಬರೇ.)

ಇಂಗ್ಲಿಷಿನಲ್ಲಿ ‘ಓಣ’ಕ್ಕೆ ಸರಿಯಾಗಿ ಕೂರುವುದು ‘ಲೆಟ್ಸ್’. ಆ ಪುಟ್ಟ ಪದದ ಬಗ್ಗೆ ಒಂದು ಸಂಗತಿ ತಿಳಿದಿರುವುದು ಒಳ್ಳೆಯದು. ‘ಲೆಟ್ಸ್ ಗೋ’ ಅಂದರೆ ‘ಹೋಗೋಣ’ ಮಾತ್ರ. ಬಿಡಿಸಿ ‘ಲೆಟ್ ಅಸ್ ಗೋ’ ಅಂದರೆ ಎರಡು ಅರ್ಥ. ಪ್ರಾರ್ಥನೆಯ ಧಾಟಿಯಲ್ಲಿ ‘ಹೋಗೋಣ’ ಆಗಬಹುದು, ಕಳ್ಳನ ಕೈಗೆ ಸಿಕ್ಕವರು ಹೇಳಿದರೆ ‘ನಮ್ಮನ್ನು ಬಿಟ್ಟುಬಿಡಿ’. ಅದರಲ್ಲಿ ಕಳ್ಳ ಖಂಡಿತ ಸೇರಿಲ್ಲ. ‘ಲೆಟ್ ಅಸ್ ನೋ’ ಎಂದು ಪತ್ರದ ಕೊನೆಗೆ ಬರೆಯುವುದೂ ಕೇಳುವವರನ್ನು ಬಿಟ್ಟ ‘ನಾವು’. ಅದನ್ನು ‘ಲೆಟ್ಸ್ ನೋ’ ಎಂದು ಮಾಡಲಾಗದು. ಅಂದರೆ ಇಂಗ್ಲಿಷಿಗೂ ಕೂಡಿಸುವ ನಾವು ಗೊತ್ತು, ಆದರೆ ಈ ಒಂದು ಮೂಲೆಯಲ್ಲಿ ಮಾತ್ರ.

ಬೆಂಗಳೂರಿನ ಇಂಗ್ಲಿಷು ಈ ಮೂಲೆಗೆ ಯಾವಾಗಲೂ ಹೋಗುವುದಿಲ್ಲ. ‘ಹೋಗೋಣ ಬಾ’ ಎಂಬುದು ‘ಕಮ್, ವಿ ವಿಲ್ ಗೋ’ ಆಗಿಬಿಡುತ್ತದೆ. ಕನ್ನಡ ಗೊತ್ತಿರುವ ಗೆಳೆಯನಿಗೆ ಅದು ಸಾಕು, ಅವನು ಒಳಗಿಂದೊಳಗೇ ‘ಓಣ’ವನ್ನು ಕೇಳಿಸಿಕೊಳ್ಳುತ್ತಾನೆ. ಬೇರೆ ಊರಿನವನಿಗೆ ‘ವಿ ವಿಲ್ ಗೋ’ ಎನ್ನುವುದು ವರದಿಯಂತೆ ಕೇಳುತ್ತದೆ: ಇವರು ಹೋಗುತ್ತಾರಂತೆ, ಹೋಗಲಿ. ‘ಬಾ’ ಎಂಬುದು ಜೊತೆಗಿದ್ದರೆ ಬಚಾವು. ಅದನ್ನು ಬಿಟ್ಟು ‘ವಿ ವಿಲ್ ಗೋ ಅಟ್ ಫೈವ್’ ಎಂದು ಮೆಸೇಜು ಹಾಕಿದರೆ ಐದು ಗಂಟೆಗೆ ಗೇಟಿನ ಹತ್ತಿರ ಒಬ್ಬ ಕಾಯುತ್ತಿರುತ್ತಾನೆ, ಇನ್ನೊಬ್ಬ ಮೇಲೆ ಟೀವಿ ನೋಡುತ್ತಿರುತ್ತಾನೆ.

ಹಿಂದಿಯಲ್ಲಿ ಸಮಸ್ಯೆ ಬೇರೆ ಥರ. ಕನ್ನಡಿಗರ ಹಿಂದಿಯಲ್ಲಿ ‘ಹೋಗೋಣ’ ಬಹಳ ಸಲ ‘ಜಾಯೇಂಗೇ’ ಆಗುತ್ತದೆ. ಹಿಂದಿಯವರು ಅಲ್ಲಿ ಬಳಸುವುದು ‘ಜಾನಾ’ ಅಲ್ಲ, ‘ಚಲ್‌ನಾ’. ‘ಚಲೋ’, ‘ಚಲಿಯೇ’, ‘ಚಲೇಂ?’ ಎಂಬ ಮಾತುಗಳಲ್ಲಿ ಜೊತೆಯಲ್ಲಿ ಹೊರಡುವ ಅರ್ಥ ಇರುತ್ತದೆ. ‘ಆಪ್ ಭೀ ಚಲೇಂಗೇ?’ ಅಂದರೆ ‘ನೀವೂ ನಮ್ಮ ಜೊತೆ ಬರ್ತೀರಾ?’ ಎಂದೇ. ‘ಹೋಗೋಣ್ವಾ?’ ಎಂಬುದಕ್ಕೆ ‘ಚಲೇಂ?’ ಎಂಬ ಎರಡಕ್ಷರ ಸಾಕು. ಆದರೆ ‘ಚಲ್ತೇ ಹೈಂ’ ಎಂಬುದನ್ನು ನಂಬುವಂತಿಲ್ಲ. ಸಿನಿಮಾಕ್ಕೆ ಹೊರಡುವಾಗ ಅದು ‘ಹೋಗೋಣ’. ನೆಂಟರು ಸೋಫಾದಿಂದ ಎದ್ದು ‘ಅಚ್ಛಾ, ಚಲ್ತೇ ಹೈಂ’ ಅಂದರೆ ‘ನಾವಿನ್ನು ಬರ್ತೀವಿ’. ಆಗ ಮನೆಯವರೂ ಚಪ್ಪಲಿ ಹಾಕಿಕೊಂಡು ನಿಂತರೆ ಚೆನ್ನಾಗಿರುವುದಿಲ್ಲ.

ಎರಡನೆಯ ಜಾಗ ಇನ್ನೂ ಸೂಕ್ಷ್ಮ. ‘ಮೊನ್ನೆ ಮಲ್ಲೇಶ್ವರದ ಹೋಟ್ಲಿಗೆ ಹೋಗಿದ್ವಿ’ ಎಂದು ಒಬ್ಬರು ಹೇಳಿದರೆ ಕೇಳುವವರು ಆ ಹೋಟೆಲಿಗೆ ಜೊತೆಯಲ್ಲಿ ಹೋಗಿರಲಿಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. ಜೊತೆಗಿದ್ದವರಿಗೆ ಯಾರೂ ಅದನ್ನೇ ಸುದ್ದಿಯಾಗಿ ಹೇಳುವುದಿಲ್ಲ. ‘ಮೊನ್ನೆ ಹೋಗಿದ್ವಲ್ಲ, ಆ ಹೋಟ್ಲು’ ಎಂದರೆ ಚಿತ್ರ ಬದಲಾಯಿತು. ಆ ‘ಅಲ್ಲ’ ಕೇಳುವವರ ನೆನಪನ್ನು ಕರೆಯುತ್ತದೆ, ಹೆಚ್ಚಾಗಿ ಅವರನ್ನೂ ಮೇಜಿನ ಸುತ್ತ ಕೂರಿಸಿಬಿಡುತ್ತದೆ. ಹಿಂದಿಯ ‘ಗಯೇ ಥೇ ನಾ’ ಸರಿಸುಮಾರು ಇದೇ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ‘ವಿ ವೆಂಟ್ ದೇರ್ ನೋ?’ ಎನ್ನುವ ಬೆಂಗಳೂರಿನ ‘ನೋ’ ಹುಟ್ಟಿದ್ದು ಬಹುಶಃ ಇದೇ ‘ಅಲ್ಲ’ದ ಹಂಬಲದಿಂದ. ಹೊರಗಿನವರ ಜೊತೆ ಮಾತಾಡುವಾಗ ‘ರಿಮೆಂಬರ್, ಯು ಅಂಡ್ ಐ ವೆಂಟ್ ದೇರ್’ ಎಂದರೆ ಅನುಮಾನಕ್ಕೆ ಜಾಗವಿಲ್ಲ. ‘ಅಲ್ಲ’ವನ್ನೂ ಪೂರ್ತಿ ನೆಚ್ಚಬಾರದು. ‘ನಾವು ಕಾಶಿಗೆ ಹೋಗಿದ್ವಲ್ಲ, ಹೇಳಿರಲಿಲ್ವಾ?’ ಎಂದರೆ ಕೇಳುವವರಿಗೆ ಸುದ್ದಿ ಗೊತ್ತಿದೆ ಎಂದಷ್ಟೇ ಅರ್ಥ, ಕಾಶಿಗೆ ಅವರು ಹೋಗಿರಬೇಕಾಗಿಲ್ಲ.

ಮೂರನೆಯ ಜಾಗ ಮನೆಯೊಳಗೆ. ಅಕ್ಕ ತಮ್ಮನಿಗೆ ‘ಅಮ್ಮ ಕರೀತಿದಾಳೆ’ ಅನ್ನುತ್ತಾಳೆ. ‘ನಮ್ಮಮ್ಮ ಕರೀತಿದಾಳೆ’ ಅನ್ನುವುದಿಲ್ಲ. ಅಂದರೆ ತಮ್ಮ ತಲೆಯೆತ್ತಿ ನೋಡುತ್ತಾನೆ: ನನಗೂ ಅವಳೇ ಅಲ್ವಾ ಅಮ್ಮ? ಅದೇ ಅಕ್ಕ ಗೆಳತಿಗೆ ಹೇಳುವಾಗ ‘ನಮ್ಮಮ್ಮ’ ಬಂದೇ ಬರುತ್ತದೆ. ನೆಂಟಸ್ತಿಕೆಯ ಪದಗಳ ಮುಂದೆ ಬರುವ ‘ನಮ್ಮ’ ಕೇಳುವವರನ್ನು ಬಿಡುವ ‘ನಮ್ಮ’. ಕೂಡಿಸಬೇಕಾದರೆ ಬರಿಯ ‘ಅಮ್ಮ’ ಸಾಕು. ಗಂಡ ಹೆಂಡತಿಯ ಜಗಳ ಎಲ್ಲಿಗೆ ಮುಟ್ಟಿದೆ ಎಂದು ಇದರಿಂದಲೇ ಹೇಳಬಹುದು. ‘ಅಮ್ಮ’ ಇದ್ದದ್ದು ‘ನಮ್ಮಮ್ಮ’, ‘ನಿಮ್ಮಮ್ಮ’ ಎಂದು ಒಡೆದಾಗ ಮಾತು ಬೇರೆ ಘಟ್ಟ ಮುಟ್ಟಿತು ಎಂದೇ ತಿಳಿಯಬೇಕು.

ಇದನ್ನು ಇಂಗ್ಲಿಷಿಗೆ ತಂದಾಗ ಆಗುವ ಎಡವಟ್ಟು ಎಲ್ಲರೂ ಕೇಳಿದ್ದೇ. ‘ನಮ್ಮಮ್ಮ’ ಎಂಬುದು ‘ಅವರ್ ಮದರ್’ ಆಗುತ್ತದೆ. ಇಂಗ್ಲಿಷಿನಲ್ಲಿ ಒಬ್ಬನೇ ನಿಂತು ‘ಅವರ್ ಮದರ್’ ಅಂದರೆ ಪಕ್ಕದಲ್ಲಿ ಅಣ್ಣನೋ ತಂಗಿಯೋ ಇರಬೇಕು ಎಂದು ಕೇಳುವವರು ಸುತ್ತ ನೋಡುತ್ತಾರೆ. ಅಲ್ಲಿ ಬೇಕಾದ್ದು ‘ಮೈ ಮದರ್’. ಹಾಗೆಯೇ ‘ನಮ್ಮನೇಲಿ ಹಬ್ಬ’ ಎಂಬುದಕ್ಕೆ ‘ಇನ್ ಅವರ್ ಹೌಸ್’ ಎಂದರೆ ನಡೆಯುತ್ತದೆ, ಆದರೆ ‘ನಮ್ಮನೆಯವರು’ ಎಂಬುದನ್ನು ‘ಅವರ್ ಹೌಸ್ ಪೀಪಲ್’ ಎಂದರೆ ಗಂಡನೊಬ್ಬನ ಜಾಗದಲ್ಲಿ ಇಡೀ ಮನೆ ಬಂದು ನಿಲ್ಲುತ್ತದೆ. ‘ಮೈ ಹಸ್ಬೆಂಡ್’ ಎಂದು ನೇರವಾಗಿ ಹೇಳುವುದು ಕನ್ನಡದ ಕಿವಿಗೆ ಸ್ವಲ್ಪ ಒರಟು. ಇರಲಿ, ಲೆಕ್ಕ ಸರಿಹೋಗುತ್ತದೆ.

ಹಿಂದಿಗೂ ಒಂದು ಕೂಡಿಸುವ ನಾವು ಇದೆ, ಪುಸ್ತಕದಲ್ಲಿ ಅಲ್ಲ. ಭೋಪಾಲ, ಇಂದೋರಿನ ಮಾತಿನಲ್ಲಿ, ಹೈದರಾಬಾದಿನ ದಖನಿಯಲ್ಲಿ ‘ಅಪನ್’ ಎಂಬ ಪದ ಬರುತ್ತದೆ. ‘ಅಪನ್ ಚಲೇಂಗೇ’ ಅಂದರೆ ನೀನೂ ನಾನೂ. ಮರಾಠಿಯ ‘ಆಪಣ್’, ಗುಜರಾತಿಯ ‘ಆಪಣೇ’ ಇದರ ಬಳಗವೇ. ಮರಾಠಿಗೂ ಗುಜರಾತಿಗೂ ಎರಡು ನಾವು ಬಂದದ್ದು ದ್ರಾವಿಡ ಭಾಷೆಗಳ ನೆರೆಹೊರೆಯಿಂದ ಎಂದು ಭಾಷಾಶಾಸ್ತ್ರಜ್ಞರು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ದಕ್ಷಿಣದಿಂದ ಹೋದ ಸಾಲವನ್ನು ಕನ್ನಡವೇ ಬಹುಮಟ್ಟಿಗೆ ಕಳೆದುಕೊಂಡಿತು, ಮರಾಠಿ ಇಟ್ಟುಕೊಂಡಿತು. ಸಂವಿಧಾನದ ಪೀಠಿಕೆಯ ಮರಾಠಿ ರೂಪ ಶುರುವಾಗುವುದು ‘ಆಮ್ಹೀ’ ಎಂಬ ಬಿಡುವ ಪದದಿಂದ, ಗುಜರಾತಿಯದು ‘ಅಮೇ’ ಎಂಬ ಬಿಡುವ ಪದದಿಂದ. ದೇಶದ ಜನರೆಲ್ಲ ಸೇರಿದ ಮಾತಿಗೆ ಬಿಡುವ ನಾವು ಏಕೆ ಎಂದು ಮೊದಲು ಅನ್ನಿಸಬಹುದು. ಯೋಚಿಸಿದರೆ ಸರಿಯಾಗಿಯೇ ಇದೆ. ಅಲ್ಲಿ ಜನರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿಲ್ಲ, ಎಲ್ಲರೂ ಒಟ್ಟಾಗಿ ನಿಂತು ಲೋಕಕ್ಕೆ ಘೋಷಿಸುತ್ತಿದ್ದಾರೆ. ಕನ್ನಡದ, ಹಿಂದಿಯ, ಇಂಗ್ಲಿಷಿನ ಪೀಠಿಕೆಗೆ ಈ ಆಯ್ಕೆ ಮಾಡಬೇಕಾದ ಪ್ರಮೇಯವೇ ಬರಲಿಲ್ಲ.

‘ಅಪನ್’ ಬಳಸುವವರು ಊರು ನೋಡಿಕೊಂಡು ಬಳಸಬೇಕು. ಲಖನೌದ ಆಫೀಸಿನಲ್ಲಿ ಅದು ಹಗುರ ಮಾತು. ಮುಂಬೈ ಬೀದಿಯ ‘ಅಪುನ್’ ಅಂತೂ ‘ನಾನು’. ಸಿನಿಮಾದ ರೌಡಿ ‘ಅಪುನ್ ಆಯೇಗಾ’ ಅಂದರೆ ಬರುವವನು ಅವನೊಬ್ಬನೇ. ಎಲ್ಲ ಕಡೆ ನಡೆಯುವುದು ಎಣಿಸಿ ಹೇಳುವ ದಾರಿ: ‘ಹಮ್ ದೋನೋಂ’, ‘ಆಪ್ ಔರ್ ಹಮ್’, ‘ಹಮ್ ತೀನೋಂ’. ಕನ್ನಡದಲ್ಲೂ ಕೊನೆಗೆ ಜನ ಹಿಡಿಯುವುದು ಇದನ್ನೇ. ‘ನಾವಿಬ್ರೂ’, ‘ನಾವು ಮೂರೂ ಜನ’, ‘ನೀವೂ ಸೇರಿ’.

ಇದೆಲ್ಲ ಒಟ್ಟಿಗೆ ಬರುವ ಒಂದು ಪ್ರಸಂಗ ನೋಡೋಣ. ಬೆಂಗಳೂರಿನಲ್ಲಿ ಒಂದು ಅಡುಗೆಮನೆಗೆ ಮರಗೆಲಸ ಆಗಬೇಕು. ಕಂಟ್ರಾಕ್ಟರು ಕನ್ನಡದವರು. ಮನೆಯ ಯಜಮಾನರು ಡೆಲ್ಲಿಯಲ್ಲಿ ಬೆಳೆದು ಬಂದವರು, ಅವರ ಜೊತೆ ಇಂಗ್ಲಿಷು. ಬಡಗಿ ಉತ್ತರ ಪ್ರದೇಶದವನು, ಅವನ ಜೊತೆ ಹಿಂದಿ. ಕಂಟ್ರಾಕ್ಟರ ತಲೆಯಲ್ಲಿ ಯೋಜನೆ ಕನ್ನಡದಲ್ಲಿ ಹೀಗಿದೆ: ‘ಸೋಮವಾರ ನಾವು ಪ್ಲೈವುಡ್ ತರಿಸ್ತೀವಿ. ಅಳತೆ ಸೇರಿ ನೋಡೋಣ. ಆಮೇಲೆ ನಾವು ಕಟಿಂಗ್ ಶುರು ಮಾಡ್ತೀವಿ. ಡಿಸೈನ್ ಬದಲಾದ್ರೆ ರೇಟು ಮಾತಾಡ್ಕೊಳ್ಳೋಣ.’

ನಾಲ್ಕು ವಾಕ್ಯ, ನಾಲ್ಕು ಬೇರೆಬೇರೆ ಗುಂಪು. ಪ್ಲೈವುಡ್ ತರಿಸುವವರು ಕಂಟ್ರಾಕ್ಟರ ಆಫೀಸಿನವರು, ಅದರಲ್ಲಿ ಬಡಗಿಯೂ ಇಲ್ಲ, ಯಜಮಾನರೂ ಇಲ್ಲ. ಅಳತೆ ನೋಡುವವರು ಮೂವರೂ. ಕಟಿಂಗ್ ಮಾಡುವುದು ಕಂಟ್ರಾಕ್ಟರು ಮತ್ತು ಬಡಗಿ. ರೇಟು ಮಾತಾಡುವವರು ಕಂಟ್ರಾಕ್ಟರು ಮತ್ತು ಯಜಮಾನರು ಮಾತ್ರ. ಇದರಲ್ಲಿ ಗಮನಿಸಬೇಕಾದ್ದು ಮೂರನೆಯ ವಾಕ್ಯ. ಗುಂಪು ಅದೇ ಆದರೂ ಯಜಮಾನರಿಗೆ ಹೇಳುವಾಗ ಅದು ಬಿಡುವ ನಾವು, ಬಡಗಿಗೆ ಹೇಳುವಾಗ ಕೂಡಿಸುವ ನಾವು. ತೆಲುಗಿನವರಾಗಿದ್ದರೆ ಅವರಿಗೆ ‘ಮೇಮು’, ಇವನಿಗೆ ‘ಮನಂ’ ಎಂದು ತಾನಾಗಿ ಬಾಯಿ ತಿರುಗುತ್ತಿತ್ತು. ನಾಲ್ಕನೆಯದು ಇದಕ್ಕೆ ಉಲ್ಟಾ: ಯಜಮಾನರಿಗೆ ಕೂಡಿಸುವ ನಾವು, ಬಡಗಿಗೆ ಬಿಡುವ ನಾವು. ಲೆಕ್ಕ ಇರುವುದು ಗುಂಪಿನಲ್ಲಿ ಮಾತ್ರ ಅಲ್ಲ, ಎದುರಿಗೆ ಯಾರು ನಿಂತಿದ್ದಾರೆ ಎಂಬುದರಲ್ಲೂ ಇದೆ. ಹಾಗಾಗಿ ಒಂದೇ ಮೆಸೇಜನ್ನು ಇಬ್ಬರಿಗೂ ಕಳಿಸಿದರೆ ಒಬ್ಬರಿಗಂತೂ ತಪ್ಪಾಗಿ ತಲುಪುತ್ತದೆ.

ಕಂಟ್ರಾಕ್ಟರು ಅವಸರದಲ್ಲಿ ಯಜಮಾನರಿಗೆ ‘ವಿ ವಿಲ್ ಗೆಟ್ ಪ್ಲೈವುಡ್, ವಿ ವಿಲ್ ಚೆಕ್ ಮೆಷರ್‌ಮೆಂಟ್, ವಿ ವಿಲ್ ಸ್ಟಾರ್ಟ್ ಕಟಿಂಗ್’ ಎಂದು ಬಿಟ್ಟರು ಎಂದುಕೊಳ್ಳಿ. ಮೂರೂ ಸಾಲಾಗಿ ಬಂದಾಗ ಓದುವವರು ಮೊದಲ ‘ವಿ’ಗೆ ಹಾಕಿದ ಲೆಕ್ಕವನ್ನೇ ಉಳಿದವಕ್ಕೂ ಹಾಕುತ್ತಾರೆ. ಪ್ಲೈವುಡ್ ತರಿಸುವುದು ಕಂಟ್ರಾಕ್ಟರು, ಸರಿ, ಹಾಗಾದರೆ ಅಳತೆ ನೋಡುವುದೂ ಅವರೇ. ಯಜಮಾನರು ಸೋಮವಾರ ಬರುವುದಿಲ್ಲ. ಅವರು ಆಗಲೇ 90 ಸೆಂಟಿಮೀಟರಿನ ಚಿಮಣಿ ಕೊಂಡಿಟ್ಟಿದ್ದಾರೆ, ಅದು ಯಾರಿಗೂ ಗೊತ್ತಿಲ್ಲ. ಬಡಗಿ ಹಳೆಯ ಚಿಮಣಿಯ 60 ಸೆಂಟಿಮೀಟರಿಗೆ ಜಾಗ ಬಿಟ್ಟು ಮೇಲಿನ ಬೀರುಗಳನ್ನು ಕತ್ತರಿಸಿಬಿಡುತ್ತಾನೆ. ಕತ್ತರಿಸಿದ ಪ್ಲೈವುಡ್ ಮತ್ತೆ ಬೆಳೆಯುವುದಿಲ್ಲ. ಆಮೇಲೆ ಜಗಳ ಶುರುವಾದಾಗ ಒಬ್ಬರು ‘ಸೇರಿ ನೋಡೋಣ ಅಂದಿದ್ನಲ್ಲ ಸಾರ್’ ಅನ್ನುತ್ತಾರೆ, ಇನ್ನೊಬ್ಬರು ಫೋನು ತೆರೆದು ‘ವಿ ವಿಲ್ ಚೆಕ್’ ಎಂಬುದನ್ನು ತೋರಿಸುತ್ತಾರೆ. ಇಬ್ಬರೂ ಹೇಳುವುದು ನಿಜ.

ಲೆಕ್ಕ ಉಳಿಸಿಕೊಂಡು ಹೇಳುವುದು ಹೀಗೆ. ಯಜಮಾನರಿಗೆ: ‘ಮೈ ಆಫೀಸ್ ವಿಲ್ ಸೆಂಡ್ ದ ಪ್ಲೈವುಡ್ ಆನ್ ಮಂಡೇ. ಲೆಟ್ಸ್ ಚೆಕ್ ದ ಮೆಷರ್‌ಮೆಂಟ್ಸ್ ಟುಗೆದರ್, ಯು, ಮಿ ಅಂಡ್ ದ ಕಾರ್ಪೆಂಟರ್. ಆಫ್ಟರ್ ದಟ್ ಮೈ ಟೀಮ್ ವಿಲ್ ಸ್ಟಾರ್ಟ್ ಕಟಿಂಗ್. ಇಫ್ ದ ಡಿಸೈನ್ ಚೇಂಜಸ್, ಯು ಅಂಡ್ ಐ ವಿಲ್ ಡಿಸ್ಕಸ್ ದ ರೇಟ್.’ ಬಡಗಿಗೆ: ‘ಪ್ಲೈವುಡ್ ಸೋಮವಾರ್ ಕೋ ಆಫೀಸ್ ಸೇ ಆಯೇಗಾ. ನಾಪ್ ಹಮ್ ತೀನೋಂ ದೇಖೇಂಗೇ, ಸಾಹಬ್ ಭೀ. ಫಿರ್ ಹಮ್ ತುಮ್ ಮಿಲ್‌ಕರ್ ಕಟಿಂಗ್ ಶುರೂ ಕರೇಂಗೇ. ಡಿಸೈನ್ ಬದಲಾ ತೋ ರೇಟ್ ಕೀ ಬಾತ್ ಮೈಂ ಔರ್ ಸಾಹಬ್ ಕರ್ ಲೇಂಗೇ.’

ಎರಡರಲ್ಲೂ ಒಂಟಿಯಾಗಿ ನಿಂತ ‘ವಿ’ಯಾಗಲಿ ‘ಹಮ್’ ಆಗಲಿ ಒಂದೂ ಇಲ್ಲ. ಬಿಡುವ ನಾವು ಇದ್ದ ಕಡೆ ಸರ್ವನಾಮವನ್ನೇ ತೆಗೆದು ‘ಮೈ ಆಫೀಸ್’, ‘ಮೈ ಟೀಮ್’ ಎಂದು ಗುಂಪಿನ ಹೆಸರು ಹಾಕಿದೆ. ಕೂಡಿಸುವ ನಾವು ಇದ್ದ ಕಡೆ ‘ಲೆಟ್ಸ್’, ‘ಯು ಅಂಡ್ ಐ’, ‘ಹಮ್ ತೀನೋಂ’ ಎಂದು ಕೇಳುವವರನ್ನು ಕೈಹಿಡಿದು ಒಳಗೆ ಕರೆದಿದೆ. ಮಾತು ಸ್ವಲ್ಪ ಉದ್ದವಾಯಿತು ನಿಜ. ಕನ್ನಡದಲ್ಲಿ ‘ಓಣ’ ಎಂಬ ಬಾಲದೊಳಗೆ ಅಡಗಿದ್ದದ್ದನ್ನು ಅಲ್ಲಿ ಹೊರಗೆಳೆದು ಹರವಬೇಕಾಗುತ್ತದೆ.

ಹೇಳಿದ್ದು ತಲುಪಿದೆಯೋ ಇಲ್ಲವೋ ಎಂದು ತಿಳಿಯಲು ಕೇಳುವವರು ಹಿಂದಿರುಗಿಸುವ ಪ್ರಶ್ನೆಯನ್ನು ಗಮನಿಸಿದರೆ ಸಾಕು. ‘ಎಷ್ಟು ಗಂಟೆಗೆ ಬರಲಿ?’ ಎಂದು ಕೇಳಿದರೆ ಅವರು ತಮ್ಮನ್ನು ಸೇರಿಸಿಕೊಂಡಿದ್ದಾರೆ. ‘ಮುಗಿದ ಮೇಲೆ ತಿಳಿಸಿ’ ಅಂದರೆ ಹೊರಗೆ ನಿಂತಿದ್ದಾರೆ. ಪಟ್ನಾದ ಹೆಂಡತಿ ‘ಟಿಕೆಟ್ ಬುಕ್ ಮಾಡಿದ್ರಾ?’ ಎಂದು ಕೇಳಿದಾಗ ಗಂಡನಿಗೆ ತಪ್ಪು ಗೊತ್ತಾದದ್ದೂ ಹೀಗೆಯೇ. ಅವನು ತಿದ್ದಿ ಹೇಳಿದ: ‘ಹಮ್ ನಹೀಂ, ಅಮ್ಮ ಔರ್ ಬಾಬೂಜೀ ಜಾಯೇಂಗೇ.’ ಅವಳಿಗೆ ರಜೆ ಉಳಿಯಿತು. ಸೋದರಮಾವನ ಮನೆಯ ಹಲಸಿನ ಹಪ್ಪಳ ತಪ್ಪಿತು.

‘ಓಣ’ಕ್ಕೂ ಒಂದು ಮಿತಿ ಇದೆ. ತಾಯಿ ಮಗುವಿಗೆ ‘ಮಮ್ಮು ತಿನ್ನೋಣ್ವಾ ಪುಟ್ಟಾ’ ಅಂದಾಗ ತಿನ್ನುವುದು ಮಗು ಒಂದೇ. ನರ್ಸು ‘ಇಂಜೆಕ್ಷನ್ ತಗೊಳ್ಳೋಣ್ವಾ ಅಜ್ಜಿ’ ಅಂದಾಗ ಸೂಜಿ ಚುಚ್ಚಿಸಿಕೊಳ್ಳುವುದು ಅಜ್ಜಿ ಮಾತ್ರ. ಇದು ಕೂಡಿಸುವ ನಾವಿನ ಪ್ರೀತಿಯ ಸುಳ್ಳು. ಇಂಗ್ಲಿಷಿನ ನರ್ಸುಗಳೂ ‘ಹೌ ಆರ್ ವಿ ಟುಡೇ’ ಎಂದು ಇದನ್ನೇ ಹೇಳುತ್ತಾರೆ. ಇಲ್ಲಿ ಲೆಕ್ಕ ತಪ್ಪಿದರೂ ಯಾರಿಗೂ ಬೇಜಾರಿಲ್ಲ, ಹಾಗೆಯೇ ದಾಟಿಸಬಹುದು.

ಇನ್ನೊಂದು ‘ಓಣ’ ಕಚೇರಿಗಳಲ್ಲಿ ಸಿಗುತ್ತದೆ. ಅರ್ಜಿ ಹಿಡಿದು ಮೂರನೆಯ ಸಲ ಬಂದವರಿಗೆ ಮೇಜಿನ ಆಚೆಯಿಂದ ‘ನೋಡೋಣ’ ಎಂಬ ಉತ್ತರ ಬರುತ್ತದೆ. ವ್ಯಾಕರಣದ ಪ್ರಕಾರ ಅರ್ಜಿದಾರರೂ ಅದರಲ್ಲಿ ಸೇರಿದ್ದಾರೆ, ಇಬ್ಬರೂ ಕೂತು ಫೈಲು ನೋಡಬೇಕು. ಅದನ್ನು ಇಂಗ್ಲಿಷಿನಲ್ಲಿ ‘ವಿ ವಿಲ್ ಸೀ’ ಅನ್ನಿ, ಹಿಂದಿಯಲ್ಲಿ ‘ದೇಖತೇ ಹೈಂ’ ಅನ್ನಿ, ಈ ಒಂದು ಪದಕ್ಕೆ ಮಾತ್ರ ಮೂರೂ ಭಾಷೆಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಮುಂದಿನ ತಿಂಗಳು ಅರ್ಜಿದಾರರು ಮತ್ತೆ ಬಂದಾಗ ಫೈಲು ಅದೇ ಕಟ್ಟಿನಲ್ಲಿ ಅದೇ ದಾರದಲ್ಲಿ ಇರುತ್ತದೆ, ‘ನೋಡೋಣ’ ಎಂದವರು ಊಟಕ್ಕೆ ಹೋಗಿರುತ್ತಾರೆ.